ಚೀಲದ ಬಾಯಿ ನೋಡಿ ದುಡ್ಡು ಕಳಿಸಬೇಡಿ

ಹೋದ ವರ್ಷ ಆಗಸ್ಟ್‌ನಲ್ಲಿ ನಮ್ಮ ಮನೆಗೆ ಎರಡು ಚೀಲ ಮೆಣಸಿನಕಾಯಿ ಬಂತು. ಒಟ್ಟು 50 ಕೆಜಿ. ಚೀಲದ ಹೊಲಿಗೆ ಬಿಚ್ಚಿದಾಗ ಮೇಲಿದ್ದ ಕಾಯಿ ಎಷ್ಟು ಚೆನ್ನಾಗಿತ್ತು ಅಂದ್ರೆ, ನಾನು ಫೋಟೋ ತೆಗೆದು ಸ್ಟೇಟಸ್ ಕೂಡ ಹಾಕಿಬಿಟ್ಟೆ. ಅತ್ತೆ ಮಾತಾಡಲಿಲ್ಲ. ಮೊಣಕೈವರೆಗೂ ಕೈ ಒಳಗೆ ಇಳಿಸಿ, ಒಂದು ಹಿಡಿ ಹೊರಗೆ ತೆಗೆದು ನನ್ನ ಮುಂದೆ ಹರವಿದರು. ಅರ್ಧ ಕಾಯಿಗೆ ಸುಕ್ಕೇ ಇರಲಿಲ್ಲ, ನುಣ್ಣಗೆ ಹೊಳೀತಿದ್ದವು. ಕೆಲವು ಬಿಳಿಚಿಕೊಂಡಿದ್ದವು. ಎಲ್ಲಾ ತಣ್ಣಗೆ, ಮೆತ್ತಗೆ. ಒಂದನ್ನು ಮುರಿದರೆ ಒಳಗೆ ಬೂದು ಬಣ್ಣದ ಬೂಷ್ಟು.

"ಇದು ಬ್ಯಾಡಗಿ ಕಾಯಿ ಅಲ್ಲ ಯವ್ವಾ. ಬ್ಯಾಡಗಿ ಅಂತ ಬರೆದ ಚೀಲ" ಅಂದರು.

ಅತ್ತೆ ರಾಣೆಬೆನ್ನೂರಿನವರು. ಅವರು ಮಾಡೋ ಖಾರದ ಪುಡಿಯನ್ನು ನಾನು ಬೆಂಗಳೂರಲ್ಲಿ ಆಫೀಸ್ ಕೆಲಸದ ಜೊತೆಗೆ ನಮ್ಮ ಅಪಾರ್ಟ್‌ಮೆಂಟ್ ಮತ್ತು ಅಕ್ಕಪಕ್ಕದ ಸುಮಾರು 60 ಮನೆಗಳಿಗೆ ಮಾರ್ತೀನಿ. ಆವತ್ತು ಹೋಗಿದ್ದು ನನ್ನ ಬೋನಸ್ ದುಡ್ಡು. ಅದಕ್ಕಿಂತ ಹೆಚ್ಚಾಗಿ, ಬೂಷ್ಟು ಇಲ್ಲದ್ದನ್ನು ಆರಿಸಿ ಮಾಡಿದ ಪುಡಿಯೂ ಬಣ್ಣ ಬರದೆ, ಬರೀ ಖಾರ ಹೊಡೆದು, ಹನ್ನೊಂದು ಮನೆಯವರು ವಾಪಸ್ ಕೊಟ್ಟರು. ಹೆಸರು ಹೋಗಿದ್ದು ಅತ್ತೆಯದು. ಮಾರಿದವರಿಗೆ ಫೋನ್ ಮಾಡಿದರೆ "ಸ್ಯಾಂಪಲ್ ಫೋಟೋ ನೋಡಿಯೇ ಓಕೆ ಅಂದಿದ್ರಲ್ಲ ಮೇಡಂ" ಅಂದರು. ಆಮೇಲೆ ಫೋನ್ ಎತ್ತಲಿಲ್ಲ.

ತಪ್ಪು ನನ್ನದೂ ಇತ್ತು. ಫೋನಿನಲ್ಲಿ "ಬ್ಯಾಡಗಿ ಹೋಲ್‌ಸೇಲ್" ಅಂತ ಹುಡುಕಿ, ಮೊದಲು ಸಿಕ್ಕ ನಂಬರಿಗೆ ಮಾತಾಡಿ, ಪೂರ್ತಿ ದುಡ್ಡು ಕಳಿಸಿದ್ದೆ. ಈ ವರ್ಷ ಫೆಬ್ರವರಿಯಲ್ಲಿ ಅತ್ತೆಯನ್ನು ಕರೆದುಕೊಂಡು ನಾನೇ ಬ್ಯಾಡಗಿಗೆ ಹೋದೆ. ಅಲ್ಲಿ ಕಲಿತದ್ದನ್ನು ಇವತ್ತು ಹೇಳ್ತೀನಿ. ನೀವು ಸಣ್ಣದಾಗಿ ಮಸಾಲೆ, ಉಪ್ಪಿನಕಾಯಿ, ಚಟ್ನಿಪುಡಿ ಮಾಡೋರಾದರೆ ಕೆಲಸಕ್ಕೆ ಬರುತ್ತೆ.

ಯಾರಿಂದ ಕೊಳ್ಳೋದು?

ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ನಾವು ಹೋಗಿದ್ದು ಒಂದು ಗುರುವಾರ. ರೈತರು ತಂದ ಚೀಲಗಳು ದಲಾಲಿ ಅಂಗಡಿಗಳ ಮುಂದೆ ಲಾಟ್ ಲಾಟ್ ಆಗಿ ನಿಂತಿರುತ್ತವೆ. ವರ್ತಕರು ಬೆಳಿಗ್ಗೆ ಬಂದು ಕಾಯಿ ಹಿಡಿದು ನೋಡಿ, ಯಾವ ಲಾಟಿಗೆ ಎಷ್ಟು ಅಂತ ಇ-ಟೆಂಡರ್‌ನಲ್ಲಿ ದರ ಹಾಕ್ತಾರೆ. ಹೆಚ್ಚು ದರ ಹಾಕಿದವರಿಗೆ ಲಾಟ್ ಸಿಗುತ್ತೆ. ಆಮೇಲೆ ಕಾಟಾ, ಅಂದ್ರೆ ತೂಕ.

ನಾನು ಸೀದಾ ಒಂದು ದಲಾಲಿ ಅಂಗಡಿಗೆ ಹೋಗಿ "ಒಂದು ಕ್ವಿಂಟಲ್ ಕೊಡಿ" ಅಂದೆ. ಅಲ್ಲಿದ್ದ ಹಿರಿಯ ಗುಮಾಸ್ತರು ನಕ್ಕರು. "ತಂಗಿ, ಈ ಮಾಲು ನಮ್ಮದಲ್ಲ, ರೈತರದು. ನಾವು ಅವರ ಪರವಾಗಿ ಮಾರಿಕೊಡೋರು. ನೀವು ಟೆಂಡರ್ ಹಾಕಾಕ ಲೈಸೆನ್ಸ್ ಬೇಕು. ನಿಮ್ಮಂಥೋರು ಖರೀದಿದಾರರ ಹತ್ರ ಹೋಗ್ರಿ" ಅಂದರು.

ಈ ಒಂದು ಮಾತು ನನಗೆ ಮೊದಲೇ ಗೊತ್ತಿದ್ದರೆ ಎಷ್ಟೋ ಉಳಿಯುತ್ತಿತ್ತು. ನಮ್ಮಂಥ ಸಣ್ಣವರಿಗೆ ಬೇಕಾಗಿರೋದು ಟೆಂಡರ್‌ನಲ್ಲಿ ಕೊಂಡು, ಆರಿಸಿ, ಮುಂದೆ ಮಾರುವ ವರ್ತಕ. ಅವರಿಗೆ ಗೋದಾಮು ಇರುತ್ತೆ, ಕಾಯಿ ಆರಿಸುವ, ತುಂಬು ಬಿಡಿಸುವ ಹೆಂಗಸರು ಇರ್ತಾರೆ, ಎಪಿಎಂಸಿ ಲೈಸೆನ್ಸ್ ಇರುತ್ತೆ. ಫೋನಿನಲ್ಲಿ ಸಿಗೋ "ಹೋಲ್‌ಸೇಲರ್" ಎಷ್ಟೋ ಸಲ ಈ ಮೂರೂ ಇಲ್ಲದ ಮಧ್ಯವರ್ತಿ. ನಿಮ್ಮ ದುಡ್ಡು ಬಂದ ಮೇಲೆ ಅವರು ಎಲ್ಲಿ ಅಗ್ಗಕ್ಕೆ ಸಿಗುತ್ತೋ ಅಲ್ಲಿಂದ ಕಳಿಸ್ತಾರೆ. ಅದಕ್ಕೇ ಮೊದಲ ಪ್ರಶ್ನೆ "ರೇಟ್ ಎಷ್ಟು" ಅಲ್ಲ, "ಮಾಲು ಈಗ ಎಲ್ಲಿದೆ, ಬಂದು ನೋಡಬಹುದಾ" ಅನ್ನೋದು.

ಇನ್ನೊಂದು ವಿಷಯ. ಬ್ಯಾಡಗಿಯಲ್ಲಿ ಸಿಗೋದೆಲ್ಲ ಬ್ಯಾಡಗಿ ಮೆಣಸಿನಕಾಯಿ ಅಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆದರೆ ಈ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದಲೂ ಬೇರೆ ಬೇರೆ ತಳಿಯ ಕಾಯಿ ಬರುತ್ತೆ. ಹಾಗೆ ಬರೋದು ಮೋಸ ಅಲ್ಲ, ಅದಕ್ಕೂ ಗಿರಾಕಿ ಇದ್ದಾರೆ. ಮೋಸ ಆಗೋದು ಒಂದರ ಹೆಸರಲ್ಲಿ ಇನ್ನೊಂದನ್ನು ಕೊಟ್ಟಾಗ. ಅದಕ್ಕೇ ಬರೀ "ಬ್ಯಾಡಗಿ" ಅಂತ ಕೇಳಬಾರದು. ಕಡ್ಡಿನಾ, ಡಬ್ಬಿನಾ, ಹೈಬ್ರಿಡ್ಡಾ, ಗುಂಟೂರಾ ಅಂತ ಕೇಳಬೇಕು. ಕಡ್ಡಿ ಉದ್ದಕ್ಕೆ, ಸಣ್ಣಗೆ, ಮೈತುಂಬ ಸುಕ್ಕು. ಬಣ್ಣ ಜಾಸ್ತಿ, ಖಾರ ಕಡಿಮೆ. ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು. ಹೈಬ್ರಿಡ್ ಕಾಯಿ ಸಾಮಾನ್ಯವಾಗಿ ನುಣ್ಣಗೆ, ಹೊಳಪು. ಒಂದು ಹಿಡಿಯಲ್ಲಿ ಸುಕ್ಕಿನದೂ ನುಣ್ಣನೆಯದೂ ಬೆರೆತು ಬಂದರೆ ಅದು ಮಿಕ್ಸ್ ಮಾಲು ಅಂತಲೇ ಲೆಕ್ಕ.

ಕಾಗದ ನೋಡಲು ಹತ್ತು ನಿಮಿಷ

ಯಾರ್ಡಿನಲ್ಲಿ ಮೂವರು ವರ್ತಕರ ಹತ್ತಿರ ಮಾತಾಡಿ, ಪ್ರತಿಯೊಬ್ಬರಿಂದ ಹಳೆಯ ಒಂದು ಬಿಲ್ಲಿನ ಫೋಟೋ ಕೇಳಿದೆ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್, ಎಫ್‌ಎಸ್‌ಎಸ್‌ಎಐ ನಂಬರ್, ಬ್ಯಾಂಕ್ ವಿವರ ಮೂರೂ ಇರುತ್ತೆ. ಒಬ್ಬರು "ಬಿಲ್ ಯಾಕ್ರಿ, ಬಿಲ್ ಇಲ್ಲದ ರೇಟು ಕೊಡ್ತೀನಿ" ಅಂದರು. ಅವರನ್ನು ಅಲ್ಲಿಗೇ ಬಿಟ್ಟೆ. ಬಿಲ್ ಇಲ್ಲದಿದ್ದರೆ ನಾಳೆ ಜಗಳ ಆಡೋಕೆ ನಮ್ಮ ಕೈಯಲ್ಲಿ ಕಾಗದವೇ ಇರಲ್ಲ.

ಉಳಿದ ಇಬ್ಬರ ಜಿಎಸ್‌ಟಿ ನಂಬರನ್ನು ಅಲ್ಲೇ ಚಹಾ ಅಂಗಡಿಯಲ್ಲಿ ಕೂತು ಫೋನಿನಲ್ಲಿ ನೋಡಿದೆ. gst.gov.in ತೆರೆದು Search Taxpayer ಒತ್ತಿದರೆ ಸಾಕು, ಲಾಗಿನ್ ಬೇಡ. ನಂಬರಿಗೆ 15 ಅಕ್ಷರ, ಕರ್ನಾಟಕದ್ದು 29ರಿಂದ ಶುರುವಾಗುತ್ತೆ. ಅಲ್ಲಿ ನಾಲ್ಕು ವಿಷಯ ನೋಡಬೇಕು. ಸ್ಥಿತಿ Active ಇದೆಯಾ, ಅಂಗಡಿ ಹೆಸರು ಬಿಲ್ಲಿನಲ್ಲಿ ಇರೋದೇನಾ, ವಿಳಾಸ ಬ್ಯಾಡಗಿಯದಾ, ಮತ್ತು ರಿಟರ್ನ್ ಈಚೆಗೆ ಸಲ್ಲಿಸಿದ್ದಾರಾ. ನೋಂದಣಿ ಆಗಿ ಒಂದೇ ತಿಂಗಳಾಗಿದ್ದು, "ಮೂವತ್ತು ವರ್ಷದ ವ್ಯಾಪಾರ" ಅಂತ ಹೇಳ್ತಿದ್ದರೆ, ಯಾಕೆ ಹೀಗೆ ಅಂತ ಕೇಳಲೇಬೇಕು. ಅಪ್ಪನ ಅಂಗಡಿ ಮಗನ ಹೆಸರಿಗೆ ಬಂದಿರಬಹುದು. ಸರಿಯಾದ ಉತ್ತರ ಇದ್ದವರು ಬೇಜಾರಾಗಲ್ಲ.

ಎಫ್‌ಎಸ್‌ಎಸ್‌ಎಐ ನಂಬರಿಗೆ 14 ಅಂಕಿ. ಅದನ್ನು foscos.fssai.gov.in ನಲ್ಲಿ ಹುಡುಕಿದರೆ ಯಾರ ಹೆಸರಿಗಿದೆ, ಈಗಲೂ ನಡೀತಿದೆಯಾ ಅಂತ ಗೊತ್ತಾಗುತ್ತೆ. ಎಪಿಎಂಸಿ ಲೈಸೆನ್ಸಿನ ಬಗ್ಗೆ ಯಾರ್ಡಿನಲ್ಲೇ ಇರುವ ಕಚೇರಿಯಲ್ಲಿ ವಿಚಾರಿಸಿದೆ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ದುಡ್ಡು ಕಳಿಸುವ ಮುಂಚೆ ಯುಪಿಐನಲ್ಲಿ ಬರುವ ಹೆಸರು ನೋಡಿ. ಜಿಎಸ್‌ಟಿ ಪುಟದಲ್ಲಿ ಇರುವ ಮಾಲೀಕರ ಹೆಸರೋ ಅಂಗಡಿ ಹೆಸರೋ ಅಲ್ಲಿ ಬರಬೇಕು. ನನ್ನ ಹೋದ ವರ್ಷದ ದುಡ್ಡು ಹೋಗಿದ್ದು ಬಿಲ್ಲಿಗೂ ಅಂಗಡಿಗೂ ಸಂಬಂಧವೇ ಇಲ್ಲದ ಒಬ್ಬರ ಖಾತೆಗೆ. ಹೆಸರು ನನ್ನ ಕಣ್ಣೆದುರೇ ಬಂದಿತ್ತು, ನಾನು ಓದಿರಲಿಲ್ಲ. ಬೇರೆಯವರ ಒಳ್ಳೆ ಅಂಗಡಿಯ ಜಿಎಸ್‌ಟಿ ನಂಬರನ್ನು ತೋರಿಸಿ ತಮ್ಮ ಖಾತೆಗೆ ದುಡ್ಡು ಹಾಕಿಸಿಕೊಳ್ಳೋದು ತುಂಬಾ ಸುಲಭ. ಕಾಗದ ನಿಜ ಇದ್ದ ಮಾತ್ರಕ್ಕೆ ಅದನ್ನು ತೋರಿಸಿದವರು ಅದರ ಮಾಲೀಕರು ಅಂತ ಆಗಲ್ಲ.

ಸ್ಯಾಂಪಲ್ ನಾವೇ ತೆಗೀಬೇಕು

ಕಾಗದ ಸರಿ ಇದ್ದ ಇಬ್ಬರ ಗೋದಾಮಿಗೂ ಹೋದೆವು. ಇಬ್ಬರೂ ಮೊದಲು ತಟ್ಟೆಯಲ್ಲಿ ಕಾಯಿ ತಂದು ತೋರಿಸಿದರು. ಅತ್ತೆ ತಟ್ಟೆ ನೋಡಲೇ ಇಲ್ಲ. ಕೊಡಬೇಕಾದ ಲಾಟ್ ಯಾವುದು ಅಂತ ಕೇಳಿ, ಅದರಲ್ಲಿ ನಾಲ್ಕು ಚೀಲ ತಾವೇ ಆರಿಸಿ, ಪ್ರತಿ ಚೀಲದ ಬಾಯಿ, ನಡು, ತಳದಿಂದ ಒಂದೊಂದು ಹಿಡಿ ತೆಗೆಸಿದರು. ಎಲ್ಲಾ ಸೇರಿಸಿ ಎರಡು ಕೆಜಿ ತೂಗಿ, ದುಡ್ಡು ಕೊಟ್ಟೇ ತಗೊಂಡೆವು. ಪುಕ್ಕಟೆ ಸ್ಯಾಂಪಲ್ ಅಂದ್ರೆ ಅವರು ಆರಿಸಿದ್ದು ಬರುತ್ತೆ. ದುಡ್ಡು ಕೊಟ್ಟರೆ ನಾವು ಆರಿಸಿದ್ದು ಬರುತ್ತೆ.

ಅಲ್ಲೇ ಒಂದು ಇಪ್ಪತ್ತು ಕಾಯಿ ಮುರಿದು ನೋಡಿದರು. ಬೂಷ್ಟು ಹೊರಗಿನಿಂದ ಕಾಣಲ್ಲ, ಮುರಿದಾಗಲೇ ಗೊತ್ತಾಗೋದು. ಬೂಷ್ಟು ಬಂದ ಕಾಯಿಯನ್ನು ಬಿಸಿಲಿಗೆ ಹಾಕಿದರೆ ಒಣಗುತ್ತೆ ಅಷ್ಟೇ, ಬೂಷ್ಟಿನ ವಿಷ ಹೋಗಲ್ಲ. ಒಳಗಿನ ಬೀಜ ಹಳದಿ ಇದ್ದರೆ ಹೊಸ ಕಾಯಿ. ಕಂದು ತಿರುಗಿದ್ದರೆ, ಸಿಪ್ಪೆಯ ಬಣ್ಣವೂ ಮಂಕಾಗಿದ್ದರೆ ಹಳೇ ಮಾಲು ಇರಬಹುದು.

ಊರಿಗೆ ಬಂದು ಎರಡೂ ಕಡೆಯ ಒಂದೊಂದು ಕೆಜಿಯನ್ನು ಬೇರೆ ಬೇರೆ ಬಟ್ಟೆ ಮೇಲೆ ಎರಡು ದಿನ ಬಿಸಿಲಿಗೆ ಹಾಕಿದೆವು. ಮುರಿದರೆ ಪಟ್ ಅನ್ನೋ ಹಾಗೆ ಒಣಗಿದ ಮೇಲೆ ತೂಗಿ, ಆಮೇಲೆ ತುಂಬು, ಬಿಳಿಗಾಯಿ, ಮಣ್ಣು-ಪುಡಿ ಬೇರೆ ಮಾಡಿ ಒಂದೊಂದನ್ನೂ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟೆ.

ಮೊದಲನೆಯವರ ದರ ಕೆಜಿಗೆ 300 ರೂಪಾಯಿ. ಒಣಗಿದಾಗ 70 ಗ್ರಾಂ ನೀರೇ ಹೋಯಿತು. ತುಂಬು 75 ಗ್ರಾಂ, ಬಿಳಿಗಾಯಿ 55, ಕಸ 40. ಕುಟ್ಟಲು ಉಳಿದದ್ದು 760 ಗ್ರಾಂ. ಎರಡನೆಯವರದು 325 ರೂಪಾಯಿ. ನೀರು 25 ಗ್ರಾಂ, ತುಂಬು 65, ಬಿಳಿಗಾಯಿ 15, ಕಸ 15. ಉಳಿದದ್ದು 880 ಗ್ರಾಂ.

ಈಗ ದರವನ್ನು ಉಳಿದ ತೂಕದಿಂದ ಭಾಗಿಸಿ. ಮೊದಲನೆಯದು ಕೆಜಿಗೆ ಸುಮಾರು 395 ರೂಪಾಯಿ ಬಿತ್ತು, ಎರಡನೆಯದು 369. ಅಗ್ಗ ಅಂದುಕೊಂಡಿದ್ದೇ 26 ರೂಪಾಯಿ ದುಬಾರಿ! ಅತ್ತೆಗೆ ಲೆಕ್ಕ ಹೇಳಿದರೆ "ನೀರಿಗೂ ರೊಕ್ಕ ಕೊಡಬೇಕೇನು?" ಅಂದರು. ಚೀಲ ತುಂಬುವಾಗ ಕಾಯಿ ಪುಡಿಯಾಗಬಾರದು ಅಂತ ಸ್ವಲ್ಪ ನೀರು ಚಿಮುಕಿಸೋದು ಇದೆ. ಅದು ಮಿತಿ ಮೀರಿದರೆ ತೂಕಕ್ಕೆ ತೂಕವೂ ಹೋಯಿತು, ದಾರಿಯಲ್ಲಿ ಬೂಷ್ಟೂ ಬಂತು.

ಈ ಪರೀಕ್ಷೆಗೂ ಒಂದು ಮಿತಿ ಇದೆ. ಕೀಟನಾಶಕದ ಅಂಶ, ಬೂಷ್ಟಿನ ವಿಷ, ಕದ್ದು ಹಾಕಿದ ಬಣ್ಣ ಮನೆಯಲ್ಲಿ ಗೊತ್ತಾಗಲ್ಲ. ಬ್ರಾಂಡ್ ಮಾಡಿ ಅಂಗಡಿಗಳಿಗೆ ಕೊಡುವ ಯೋಚನೆ ಇದ್ದರೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಲೇಬೇಕು. 2005ರಲ್ಲಿ ಬ್ರಿಟನ್ನಿನಲ್ಲಿ ಮೆಣಸಿನ ಪುಡಿಯಲ್ಲಿ ಸುಡಾನ್ ಅನ್ನೋ ಬಣ್ಣ ಸಿಕ್ಕಿ, ಆ ಪುಡಿ ಬಳಸಿದ ಸಾಸ್ ಸೇರಿದ್ದ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸಿದ್ದರು. ಈ ಬಣ್ಣ ಎಣ್ಣೆಯಲ್ಲಿ ಕರಗೋದು, ಹಾಗಾಗಿ ನೀರಿನ ಲೋಟದಲ್ಲಿ ಪುಡಿ ಹಾಕಿ ನೋಡೋ ಪರೀಕ್ಷೆಗೆ ಸಿಗಲ್ಲ. ಅದಕ್ಕೇ ನಾವು ರೆಡಿ ಪುಡಿ ಕೊಳ್ಳಲ್ಲ, ಇಡೀ ಕಾಯಿಯನ್ನೇ ಕೊಳ್ತೀವಿ.

ದರ ನಿಜವಾ ಅಂತ ಹೇಗೆ ತಿಳಿಯೋದು?

ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಬ್ಯಾಡಗಿಯ ದರ ಬರುತ್ತೆ. ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಅಂಕಿ ಇರುತ್ತೆ, ಎಲ್ಲಾ ಕ್ವಿಂಟಲ್ ಲೆಕ್ಕ. ಕನಿಷ್ಠಕ್ಕೂ ಗರಿಷ್ಠಕ್ಕೂ ಹತ್ತು ಪಟ್ಟು ವ್ಯತ್ಯಾಸ ಇದ್ದರೂ ಗಾಬರಿಯಾಗಬೇಡಿ. ಕನಿಷ್ಠ ಅಂದ್ರೆ ಬಿಳಿಗಾಯಿ, ಹಾಳಾದ ಮಾಲು. ನೋಡಬೇಕಾಗಿದ್ದು ನಿಮ್ಮ ತಳಿಯ ಮಾದರಿ ದರ, ಅಂದ್ರೆ ಹೆಚ್ಚು ಮಾಲು ಮಾರಾಟವಾದ ದರ. ವರ್ತಕರು ಅದರ ಮೇಲೆ ಆರಿಸುವ ಕೂಲಿ, ಚೀಲ, ತಮ್ಮ ಲಾಭ ಸೇರಿಸ್ತಾರೆ. ಆರಿಸಿದ ಕಡ್ಡಿ ಕಾಯಿಯನ್ನು ಆ ದರಕ್ಕಿಂತ ಬಹಳ ಕಡಿಮೆಗೆ ಕೊಡ್ತೀನಿ ಅಂದರೆ, ಅದು ಹೇಗೆ ಸಾಧ್ಯ ಅಂತ ಕೇಳಿ.

ದರ ಒಂದೇ ವಾರದಲ್ಲಿ ಬದಲಾಗುತ್ತೆ ಅನ್ನೋದೂ ನೆನಪಿರಲಿ. 2024ರ ಮಾರ್ಚ್ 11ರಂದು ಬೆಲೆ ದಿಢೀರನೆ ಕುಸಿದು, ರೈತರ ಸಿಟ್ಟಿಗೆ ಇದೇ ಎಪಿಎಂಸಿ ಕಚೇರಿಯೂ ವಾಹನಗಳೂ ಸುಟ್ಟಿದ್ದವು. ಆದ್ದರಿಂದ ಹೋದ ತಿಂಗಳ ದರ ಹಿಡಿದು ಚೌಕಾಸಿ ಮಾಡೋದೂ ತಪ್ಪು, ಹೋದ ತಿಂಗಳ ದರ ಕೊಡೋದೂ ತಪ್ಪು.

ಮೊದಲ ಆರ್ಡರ್ ಒಂದೇ ಚೀಲ

ಎರಡನೆಯವರಿಗೆ ಫೋನ್ ಮಾಡಿ ಒಂದೇ ಚೀಲ ಕೇಳಿದೆ. 40 ಕೆಜಿ, 13,000 ರೂಪಾಯಿ, ಶೇ 5 ಜಿಎಸ್‌ಟಿ ಸೇರಿ 13,650. "ಒಂದು ಚೀಲಕ್ಕೂ ಬಿಲ್ ಹಾಕ್ತೀರಾ?" ಅಂತ ಕೇಳಿದ್ದಕ್ಕೆ "ಯಾಕ್ ಹಾಕಲ್ರಿ ಅಕ್ಕಾರ, ಒಂದಾದ್ರೂ ವ್ಯಾಪಾರನ ಅಲ್ಲೇನ್ರಿ" ಅಂದರು.

ಮಾತಾಡಿದ್ದನ್ನೆಲ್ಲ ವಾಟ್ಸಾಪಿನಲ್ಲಿ ಬರೆದು ಕಳಿಸಿದೆ. ಕಡ್ಡಿ ಕಾಯಿ, ಈ ವರ್ಷದ ಬೆಳೆ, ನಾವು ನೋಡಿದ ಲಾಟ್, ಚೀಲದ ತೂಕ ಕಳೆದು ನಿವ್ವಳ 40 ಕೆಜಿ, 2,000 ಮುಂಗಡ, ಉಳಿದದ್ದು ಅಂಗಡಿಯಲ್ಲೇ ತೂಗಿ ನೋಡಿದ ಮೇಲೆ, ಸ್ಯಾಂಪಲ್‌ಗೆ ಹೊಂದದಿದ್ದರೆ ಎರಡು ದಿನದಲ್ಲಿ ವಾಪಸ್. ಅವರು "ಸರಿ" ಅಂತ ಉತ್ತರ ಕಳಿಸಿದರು. ಆ ಒಂದು ಪದ ಫೋನಿನಲ್ಲಿ ಇರಬೇಕು, ಬರೀ ಬಾಯಿಮಾತು ಸಾಲದು. ಸ್ಯಾಂಪಲ್‌ನಲ್ಲಿ ಉಳಿದಿದ್ದ ಇನ್ನೊಂದು ಕೆಜಿಯಲ್ಲಿ ಸ್ವಲ್ಪವನ್ನು ಗಾಜಿನ ಡಬ್ಬಿಗೆ ಹಾಕಿ, ತಾರೀಕು ಬರೆದು ಕತ್ತಲೆ ಕಪಾಟಿನಲ್ಲಿಟ್ಟೆ. ಬೆಳಕಿಗೆ ಇಟ್ಟರೆ ಬಣ್ಣ ಹೋಗಿ, ನಮ್ಮ ಸಾಕ್ಷಿಯೇ ಸುಳ್ಳಾಗುತ್ತೆ.

ಚೀಲ ಸರಿಯಾಗಿಯೇ ಬಂತು. ಏಪ್ರಿಲ್‌ನಲ್ಲಿ ಅದೇ ದರಕ್ಕೆ ಮೂರು ಚೀಲ ಆರ್ಡರ್ ಮಾಡಿದೆ. 120 ಕೆಜಿ, ತೆರಿಗೆ ಸೇರಿ 40,950. ಈ ಸಲ ಲಾರಿ ಪಾರ್ಸೆಲ್‌ನಲ್ಲಿ ಬೆಂಗಳೂರಿಗೆ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲೇ ತೂಗಿಸಿದ ಮೇಲೆ ರಸೀದಿಗೆ ಸಹಿ ಮಾಡಿದೆ. ಮನೆಯಲ್ಲಿ ಮೂರೂ ಚೀಲದ ತಳಕ್ಕೆ ಕೈ ಹಾಕಿದೆ. ಮೂರನೆಯದರಲ್ಲಿ ಬಿಳಿಗಾಯಿ ಕಣ್ಣಿಗೆ ಬೀಳುವಷ್ಟು ಇತ್ತು.

ಎದೆ ಧಸಕ್ ಅಂತು. ಒಂದು ಕೆಜಿ ತೂಗಿ ಬಿಳಿಗಾಯಿ ಬೇರೆ ಮಾಡಿದರೆ 60 ಗ್ರಾಂ. ಡಬ್ಬಿಯ ಕಾಯಿ ಪಕ್ಕದಲ್ಲಿಟ್ಟು, ತಕ್ಕಡಿಯ ಅಂಕಿ ಕಾಣುವ ಹಾಗೆ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಆರಿಸೋರು ಹೊಸಬ್ರು ಅಕ್ಕಾರ, ನೋಡಿಲ್ಲ. ಆ ಚೀಲಕ್ಕ ಎರಡು ಕೆಜಿ ರೊಕ್ಕ ಕಡಿಮಿ ಮಾಡ್ತೀನ್ರಿ" ಅಂದರು. ಸಂಜೆಗೆ 650 ರೂಪಾಯಿ ವಾಪಸ್ ಬಂತು.

ಕಾಗದ, ಸ್ಯಾಂಪಲ್, ಲೆಕ್ಕ ಎಲ್ಲಾ ನೋಡಿದ ಮೇಲೂ ವ್ಯಾಪಾರಿ ಎಂಥವರು ಅಂತ ಗೊತ್ತಾಗೋದು ಏನಾದರೂ ತಪ್ಪಾದಾಗಲೇ. ಆ ತಪ್ಪು ಮೂರು ಚೀಲದಲ್ಲಿ ಆದರೆ ತಡೆದುಕೊಳ್ಳಬಹುದು. ಅದಕ್ಕೇ ಮೊದಲಿಗೆ ಒಂದು, ಆಮೇಲೆ ಮೂರು, ಅದರ ನಂತರವೇ ಹತ್ತು.

ಜುಲೈಯಲ್ಲಿ ಮತ್ತೆ ಫೋನ್ ಮಾಡಿ ಹೊಸ ಕಾಯಿ ಇದೆಯಾ ಅಂತ ಕೇಳಿದೆ. "ಈಗ ಹೊಸಾದು ಎಲ್ಲಿಂದ ಬರಬೇಕ್ರಿ? ಇರೋದು ಕೋಲ್ಡ್ ಸ್ಟೋರೇಜ್ ಮಾಲು. ಬಣ್ಣ ಛಲೋ ಐತಿ, ಆದ್ರ ಹೊರಗ ತೆಗೆದ ಮ್ಯಾಲೆ ಬಾಳ ದಿನ ಇಡಬ್ಯಾಡ್ರಿ. ಬೇಕಾದಷ್ಟೇ ತಗೋರಿ" ಅಂದರು. ನಾನು ಐದು ಚೀಲ ಕೇಳಬೇಕು ಅಂತಿದ್ದೆ. ಎರಡೇ ತರಿಸಿದೆ.

ಹೋದ ವರ್ಷ ವಾಪಸ್ ಕೊಟ್ಟಿದ್ದ ಹನ್ನೊಂದು ಮನೆಗಳಿಗೆ ಕಾಲು ಕಾಲು ಕೆಜಿ ಪುಡಿ ಹಾಗೇ ಕೊಟ್ಟು ಬಂದೆ. ಇದುವರೆಗೆ ಏಳು ಮನೆಯವರು ಮತ್ತೆ ಆರ್ಡರ್ ಮಾಡಿದ್ದಾರೆ. ಉಳಿದ ನಾಲ್ಕು ಮನೆ ಯಾವುವು ಅಂತ ಅತ್ತೆ ಈಗಲೂ ವಾರಕ್ಕೊಮ್ಮೆ ಕೇಳ್ತಾರೆ.